ದೊಡ್ಡಪ್ಪನ ಎರಡನೇ ಮೇಲ್

ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ನಾವು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾವೆಲ್ಲ ಇಂಟರ್ನ್‌ಶಿಪ್‌ಗೆ ಮೇಲ್ ಬರೆಯೋದನ್ನ ಕಲೀತಾ ಇದ್ದೀವಿ. ಆದರೆ 34 ವರ್ಷ ಕೆಲಸ ಮಾಡಿ ರಿಟೈರ್ ಆದವರೊಬ್ಬರು ಕೆಲಸ ಕೇಳಿ ಬರೆಯೋ ಮೇಲ್ ಹೇಗಿರಬೇಕು? ರಜೆಯಲ್ಲಿ ಹುಬ್ಬಳ್ಳಿಗೆ ಹೋದಾಗ ಈ ಪ್ರಶ್ನೆ ನಮ್ಮ ಮುಂದೆ ಬಂತು.

ನಮ್ಮ ರೂಮ್‌ಮೇಟ್‌ನ ದೊಡ್ಡಪ್ಪ ಒಂದು ಕಾರ್ಖಾನೆಯ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ವಿಭಾಗದಲ್ಲಿದ್ದವರು. ರಿಟೈರ್ ಆಗಿ ಒಂದು ವರ್ಷವಾಗಿತ್ತು. ಪೂರ್ತಿ ದಿನದ ಕೆಲಸ ಬೇಡ, ಸುಮ್ನೆ ಕೂರೋದಕ್ಕೂ ಆಗಲ್ಲ. 11 ಕಂಪನಿಗಳಿಗೆ ಮೇಲ್ ಕಳಿಸಿದ್ರು, ಒಂದಕ್ಕೂ ಉತ್ತರ ಬಂದಿರಲಿಲ್ಲ. "ವಯಸ್ಸಾತಲ್ಲೋ ತಮ್ಮಾ, ಯಾರ್ ಕರೀತಾರ?" ಅಂದ್ರು. ಆ ಮೇಲ್ ಓದಿದ ಮೇಲೆ ಕಾರಣ ವಯಸ್ಸಲ್ಲ ಅಂತ ನಮಗನ್ನಿಸಿತು.

ಮೊದಲ ಮೇಲ್‌ನಲ್ಲಿ ಏನಿತ್ತು?

ಸಬ್ಜೆಕ್ಟ್ ಜಾಗದಲ್ಲಿ "ಉದ್ಯೋಗಕ್ಕಾಗಿ ಅರ್ಜಿ" ಅಂತ ಮಾತ್ರ ಇತ್ತು. ಒಳಗೆ ಸೇರಿದ ವರ್ಷದಿಂದ ರಿಟೈರ್ ಆದ ದಿನದವರೆಗಿನ ಎಲ್ಲ ಹುದ್ದೆಗಳು. ಕೊನೆಯಲ್ಲಿ: "ಯಾವುದೇ ಕೆಲಸ, ಯಾವುದೇ ಸಮಯ, ಯಾವುದೇ ಸಂಬಳಕ್ಕೆ ಸಿದ್ಧನಿದ್ದೇನೆ." ಜೊತೆಗೆ 6 ಪುಟದ ಬಯೋಡೇಟಾ.

ಆ ಕೊನೇ ಸಾಲನ್ನ ತೆಗೀರಿ ಅಂದ್ವಿ. ದೊಡ್ಡಪ್ಪ ಒಪ್ಪಲಿಲ್ಲ. "ಏನ್ ಕೊಟ್ರೂ ಮಾಡ್ತೀನಿ ಅಂದ್ರ ಅವ್ರಿಗೆ ಅನುಕೂಲ ಅಲ್ಲೇನು?"

ಓದೋ ಮ್ಯಾನೇಜರ್ ಕಡೆಯಿಂದ ನೋಡಿ. ಸಣ್ಣ ಕಾರ್ಖಾನೆಯಲ್ಲಿ "ಪಾರ್ಟ್‌ಟೈಮ್ ಹಿರಿಯ ಎಂಜಿನಿಯರ್" ಅನ್ನೋ ಹುದ್ದೆ ಖಾಲಿ ಇರಲ್ಲ. ಇರೋದು ತಲೆನೋವುಗಳು. ಯಾವುದೇ ಕೆಲಸ ಅಂತ ಬರೆದರೆ, ಇವರಿಗೆ ಯಾವ ಕೆಲಸ ಕೊಡಬೇಕು ಅಂತ ಯೋಚಿಸೋ ಭಾರ ಆತನ ಮೇಲೇ ಬೀಳುತ್ತೆ. ಯಾವುದೇ ಸಮಯ ಅಂದ್ರೆ ಯಾವ ದಿನಕ್ಕೂ ಲೆಕ್ಕ ಹಾಕಕ್ಕಾಗಲ್ಲ. ಹೊಂದಿಕೊಳ್ತೀನಿ ಅಂತ ಬರೆದರೆ ಸಾಲದು. ಎಷ್ಟು ದಿನ, ಎಲ್ಲಿವರೆಗೆ, ಏನು ಆಗಲ್ಲ ಅನ್ನೋದನ್ನೂ ಹೇಳಿದಾಗ ಮಾತ್ರ ಅದು ಅವರ ಉಪಯೋಗಕ್ಕೆ ಬರುತ್ತೆ.

ಯಾರಿಗೆ, ಯಾವ ತಲೆನೋವಿಗೆ?

11 ಕಂಪನಿ ಬಿಟ್ಟು ಒಂದನ್ನ ಹಿಡಿದ್ವಿ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕೆಪಾಸಿಟರ್‌ಗಳು ಪದೇ ಪದೇ ಸುಡ್ತಿವೆ ಅಂತ ದೊಡ್ಡಪ್ಪನ ಹಳೇ ಪರಿಚಯದ ಪ್ಯಾನೆಲ್ ಸಪ್ಲೈಯರ್ ಹೇಳಿದ್ರು. ದೊಡ್ಡಪ್ಪ ಇದೇ ತೊಂದರೆಯನ್ನ ಸರ್ವಿಸ್‌ನಲ್ಲಿದ್ದಾಗ ಬಗೆಹರಿಸಿದ್ರು, ಆದರೆ 6 ಪುಟದಲ್ಲಿ ಎಲ್ಲೂ ಬರೆದಿರಲಿಲ್ಲ!

ಅವರು ನಮಗೆ ವಿವರಿಸಿದ್ದು ಹೀಗೆ. ಇಂಡಕ್ಷನ್ ಫರ್ನೇಸ್‌ನ ರೆಕ್ಟಿಫೈಯರ್ 50 ಹರ್ಟ್ಸ್ ಜೊತೆಗೆ 250, 350 ಹರ್ಟ್ಸ್‌ನ ಹಾರ್ಮೋನಿಕ್ ಕರೆಂಟನ್ನೂ ಲೈನಿಗೆ ಬಿಡುತ್ತೆ. ಫ್ರೀಕ್ವೆನ್ಸಿ ಏರಿದಷ್ಟೂ ಕೆಪಾಸಿಟರ್‌ನ ರಿಯಾಕ್ಟೆನ್ಸ್ ಇಳಿಯುತ್ತೆ, ಹಾಗಾಗಿ ಆ ಕರೆಂಟ್ ಕೆಪಾಸಿಟರ್‌ಗೇ ನುಗ್ಗುತ್ತೆ. ಟ್ರಾನ್ಸ್‌ಫಾರ್ಮರ್ ಜೊತೆ ರೆಸೊನೆನ್ಸ್ ಆದ್ರೆ ಇನ್ನೂ ಕೆಟ್ಟದು. ಮೊದಲು ಅಳತೆ ಮಾಡಿ, ಆಮೇಲೆ ಕೆಪಾಸಿಟರ್ ಜೊತೆ ಸೀರೀಸ್‌ನಲ್ಲಿ ರಿಯಾಕ್ಟರ್ ಹಾಕಬೇಕು. 7% ರಿಯಾಕ್ಟರ್ ಆದ್ರೆ ಟ್ಯೂನಿಂಗ್ ಸುಮಾರು 189 ಹರ್ಟ್ಸ್, ಅಂದ್ರೆ 250ಕ್ಕಿಂತ ಕೆಳಗೆ. ಸುಟ್ಟಿದ್ದನ್ನ ಬದಲಾಯಿಸ್ತಾ ಹೋದ್ರೆ ಹೊಸದೂ ಸುಡುತ್ತೆ.

34 ವರ್ಷದ ಅನುಭವದಲ್ಲಿ ಈ ಮೇಲ್‌ಗೆ ಬೇಕಾಗಿದ್ದು ಇಷ್ಟೇ. ಉಳಿದಿದ್ದು ಒಂದು ಪುಟದ ಬಯೋಡೇಟಾಗೆ ಹೋಯ್ತು.

ಪಾರ್ಟ್‌ಟೈಮಾ, ಕನ್ಸಲ್ಟೆನ್ಸಿನಾ?

ಇವೆರಡನ್ನ ಒಂದೇ ಅಂದ್ಕೊಂಡಿದ್ವಿ. ಪಾರ್ಟ್‌ಟೈಮ್ ಅಂದ್ರೆ ಗೊತ್ತಾದ ದಿನ ಹೋಗಿ ಅವರು ಹೇಳಿದ ಕೆಲಸ ಮಾಡೋದು, ತಿಂಗಳಿಗೆ ಸಂಬಳ. ಕನ್ಸಲ್ಟೆನ್ಸಿ ಅಂದ್ರೆ ಗೊತ್ತಾದ ಒಂದು ಕೆಲಸ, ಕೊನೆಗೆ ಒಂದು ವರದಿ, ಅದಕ್ಕೆ ಶುಲ್ಕ. ಮೇಲ್‌ನಲ್ಲಿ ಯಾವುದು ಅಂತ ಹೇಳದಿದ್ರೆ ಕಂಪನಿಯವರು "ಇನ್ನೊಬ್ಬರನ್ನ ತಗೊಳ್ಳೋ ಸ್ಥಿತಿ ಇಲ್ಲ" ಅಂತ ಮುಚ್ಚಿಬಿಡಬಹುದು. ದೊಡ್ಡಪ್ಪ ಮೊದಲು ಕನ್ಸಲ್ಟೆನ್ಸಿ, ಅದು ಹಿಡಿಸಿದ್ರೆ ವಾರಕ್ಕೊಂದು ದಿನ ಅಂತ ನಿರ್ಧರಿಸಿದ್ರು.

ಇನ್ನೊಂದು ಮಿತಿಯನ್ನ ಅವರೇ ಸೇರಿಸಿದ್ರು. ವೈರಿಂಗ್ ಕೆಲಸ ಲೈಸೆನ್ಸ್ ಇರೋ ಕಾಂಟ್ರಾಕ್ಟರ್‌ದು, ತಮ್ಮದು ಅಳತೆ ಮತ್ತು ಸಲಹೆ. "ಇದನ್ನ ಮೊದ್ಲ ಹೇಳ್ಬೇಕು. ಆಮ್ಯಾಲ ಜಗಳ ಬ್ಯಾಡ."

ಎರಡನೇ ಮೇಲ್

ಕಳಿಸಿದ್ದು ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಹೀಗಾಗುತ್ತೆ:

> ವಿಷಯ: ಕೆಪಾಸಿಟರ್ ಪದೇ ಪದೇ ಸುಡುತ್ತಿರುವುದು – 2 ದಿನದ ಪರಿಶೀಲನೆ, ಕನ್ಸಲ್ಟೆನ್ಸಿ ಆಧಾರದಲ್ಲಿ
>
> ಮಾನ್ಯರೇ,
>
> ನಿಮ್ಮ ಫೌಂಡ್ರಿಯಲ್ಲಿ ಕೆಪಾಸಿಟರ್‌ಗಳು ಮತ್ತೆ ಮತ್ತೆ ಕೆಡುತ್ತಿವೆ ಎಂದು ನಿಮ್ಮ ಪ್ಯಾನೆಲ್ ಸಪ್ಲೈಯರ್ ಅವರಿಂದ ತಿಳಿಯಿತು. ಇಂಡಕ್ಷನ್ ಫರ್ನೇಸ್ ಇರುವಲ್ಲಿ ಹಾರ್ಮೋನಿಕ್ಸ್ ಇದಕ್ಕೆ ಕಾರಣವಾಗಿರಬಹುದು. ಅಳತೆ ಮಾಡದೆ ಖಚಿತವಾಗಿ ಹೇಳಲಾಗದು.
>
> ನಾನು 34 ವರ್ಷ ಕಾರ್ಖಾನೆಯ ಎಲೆಕ್ಟ್ರಿಕಲ್ ಮೇಂಟೆನೆನ್ಸ್‌ನಲ್ಲಿದ್ದು ಕಳೆದ ವರ್ಷ ನಿವೃತ್ತನಾಗಿದ್ದೇನೆ. ಇಂಥದೇ ತೊಂದರೆಯನ್ನು ಅಳತೆ ಮಾಡಿಸಿ, ಸೀರೀಸ್ ರಿಯಾಕ್ಟರ್ ಹಾಕಿಸಿ ಸರಿಪಡಿಸಿದ್ದೇನೆ.
>
> 2 ದಿನ ನಿಮ್ಮಲ್ಲಿಗೆ ಬಂದು, ಫರ್ನೇಸ್ ನಡೆಯುವಾಗ ಮತ್ತು ನಿಂತಾಗ ಅಳತೆ ಮಾಡಿ, ಒಂದು ವಾರದೊಳಗೆ ವರದಿ ಕೊಡಬಲ್ಲೆ. ಅನಲೈಸರ್ ಬಾಡಿಗೆಗೆ ತರಬೇಕಾಗುತ್ತದೆ. ವೈರಿಂಗ್ ಕೆಲಸ ನಿಮ್ಮ ಲೈಸೆನ್ಸ್ಡ್ ಕಾಂಟ್ರಾಕ್ಟರ್ ಮಾಡಬೇಕು.
>
> ಬುಧವಾರ ಮತ್ತು ಗುರುವಾರ ಬರಬಲ್ಲೆ. ಫರ್ನೇಸ್ ರಾತ್ರಿ ನಡೆಯುವುದಾದರೆ ರಾತ್ರಿ ಪಾಳಿಯೂ ಆಗಬಹುದು. ಉಳಿದ ದಿನ ಫೋನ್‌ನಲ್ಲಿ ಸಿಗುತ್ತೇನೆ. ಶುಲ್ಕ ಭೇಟಿಯ ಲೆಕ್ಕದಲ್ಲಿ. ಪ್ರಯಾಣ ಮತ್ತು ಬಾಡಿಗೆ ಬೇರೆ.
>
> ಈ ವಾರ 10 ನಿಮಿಷ ಮಾತನಾಡಬಹುದೇ? ಒಂದು ಪುಟದ ಬಯೋಡೇಟಾ ಲಗತ್ತಿಸಿದ್ದೇನೆ.

ಎರಡು ವಿಷಯ ಗಮನಿಸಿ. "ಕಾರಣವಾಗಿರಬಹುದು" ಅನ್ನೋ ಪದ ನಾವು ತೆಗೆದಿದ್ವಿ, ಧೈರ್ಯವಾಗಿ ಕಾಣಲಿ ಅಂತ. ದೊಡ್ಡಪ್ಪ ವಾಪಸ್ ಹಾಕಿಸಿದ್ರು. ಜಾಗ ನೋಡದೆ ಕಾರಣ ಹೇಳೋನನ್ನ ಅನುಭವಸ್ಥ ಮ್ಯಾನೇಜರ್ ನಂಬಲ್ಲ ಅಂತೆ. ಎರಡನೇದು, ಹಳೇ ಕಂಪನಿಯ ಹೆಸರು, ಅಲ್ಲಿನ ಡ್ರಾಯಿಂಗ್, ಲೋಡ್ ಲೆಕ್ಕ ಯಾವುದೂ ಮೇಲ್‌ನಲ್ಲಿಲ್ಲ. ಹೆಸರು ಬಯೋಡೇಟಾದಲ್ಲಿದೆ, ಸಾಕು. ಹಿಂದಿನವರ ಒಳಗುಟ್ಟು ಹೇಳೋನು ನಾಳೆ ನಮ್ಮದನ್ನೂ ಹೇಳ್ತಾನೆ ಅಂತ ಓದೋರಿಗೆ ಅನ್ನಿಸುತ್ತೆ.

ಶುಲ್ಕದ ಮೊತ್ತ ಬರೀಬೇಕಾ ಅಂತ ನಮ್ಮಲ್ಲೇ ಜಗಳ ಆಯ್ತು. ಕೆಲಸ ಎಷ್ಟಿದೆ ಅಂತ ಗೊತ್ತಿಲ್ಲದೆ ಮೊತ್ತ ಹೇಳಿದ್ರೆ ಒಂದೋ ಜಾಸ್ತಿ ಆಗುತ್ತೆ, ಇಲ್ಲಾಂದ್ರೆ ಕೈ ಸುಡುತ್ತೆ. ಹಾಗಾಗಿ ಲೆಕ್ಕದ ರೀತಿ ಮಾತ್ರ ಬರೆದು, ಮೊತ್ತವನ್ನ ಫೋನ್ ಮಾತುಕತೆಗೆ ಬಿಟ್ವಿ.

ಆಮೇಲೆ?

ನಾಲ್ಕನೇ ದಿನ ಉತ್ತರ ಬಂತು. ಎರಡೇ ಸಾಲು: ಅನಲೈಸರ್ ಬಾಡಿಗೆ ಎಷ್ಟಾಗುತ್ತೆ, ಮುಂದಿನ ಬುಧವಾರ ಬರ್ತೀರಾ? ವಯಸ್ಸನ್ನ ಯಾರೂ ಕೇಳಲಿಲ್ಲ. ದೊಡ್ಡಪ್ಪ ಆ ಮೇಲನ್ನ ನಮ್ಮ ಕೈಲಿ ಎರಡು ಸಲ ಓದಿಸಿದ್ರು. ಆಮೇಲೆ ಅಟ್ಟದ ಮೇಲಿದ್ದ ಹಳೇ ಸೇಫ್ಟಿ ಶೂ ಇಳಿಸಿ ಒರೆಸೋಕೆ ಕೂತ್ರು. ಪರಿಶೀಲನೆ ಮುಗಿದು, ಈಗ ಗುರುವಾರ ಮಾತ್ರ ಬೆಳಗಾವಿಗೆ ಹೋಗ್ತಾರೆ.

ನಿಮ್ಮ ಮನೆಯಲ್ಲೂ ಹೀಗೆ ಒಬ್ಬರು ಇದ್ದರೆ, ಬಯೋಡೇಟಾ ಟೈಪ್ ಮಾಡಿಕೊಡೋ ಮೊದಲು ಒಂದು ಪ್ರಶ್ನೆ ಕೇಳಿ: "ಸರ್ವಿಸ್‌ನಲ್ಲಿ ಯಾವ ತೊಂದರೆ ಬಂದಾಗ ಎಲ್ಲರೂ ನಿಮ್ಮನ್ನೇ ಕರೀತಿದ್ರು?" ಅವರು ಕೊಡೋ ಉತ್ತರವೇ ಮೇಲ್‌ನ ಸಬ್ಜೆಕ್ಟ್ ಲೈನ್.