ಮಾತಿಲ್ಲದ ಪ್ಯಾಕಿಂಗ್ ವಿಡಿಯೋಗೂ ಸ್ಕ್ರಿಪ್ಟ್ ಬೇಕು

ನನ್ನ ಆಪಾ ಬೆಳ್ಳಾರೆಯ ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರುತ್ತಾಳೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಕೊಳ್ಳುವವರದ್ದು ತುಳು, ಕನ್ನಡ, ಬ್ಯಾರಿ, ಮಲಯಾಳಂ. ಮುಖ, ದನಿ ಎರಡೂ ವಿಡಿಯೋದಲ್ಲಿ ಬರುವುದು ಆಪಾಗೆ ಇಷ್ಟವಿಲ್ಲ. ಹಾಗಾಗಿ ಕೈ ಮತ್ತು ಸದ್ದು ಮಾತ್ರ ಇರುವ ವಿಡಿಯೋಗೆ ನಾನು ಸ್ಕ್ರಿಪ್ಟ್ ಬರೆದೆ.

ಸ್ಕ್ರಿಪ್ಟ್ ಎಂದರೆ ಮೂರು ಕಾಲಂ: ಏನು ಕಾಣುತ್ತದೆ, ಏನು ಕೇಳುತ್ತದೆ, ಎಷ್ಟು ಸೆಕೆಂಡು. 25 ಹಪ್ಪಳದ ಒಂದು ಆರ್ಡರ್‌ಗೆ 30 ಸೆಕೆಂಡು ಹೀಗೆ ಹಂಚಿದೆ:

1. ಖಾಲಿ ಪೆಟ್ಟಿಗೆ ಮೇಜಿಗೆ ತಾಗುವುದು, ಟಕ್ – 2
2. ಐದೈದು ಹಪ್ಪಳದ ಐದು ಕಟ್ಟು, ಒಂದರ ಮೇಲೊಂದು – 5
3. ಕವರಿಗೆ ಹಾಕಿ ಸೀಲ್ ಮಾಡುವುದು – 3
4. ಲೇಬಲ್ ಅಂಟಿಸಿ ಹೆಬ್ಬೆರಳಿನಿಂದ ಸವರುವುದು – 4
5. ಪೆಟ್ಟಿಗೆಯ ತಳಕ್ಕೆ ಮುದುಡಿದ ಕಾಗದ, ಪರಪರ – 4
6. ಕವರನ್ನು ಒಳಗಿಡುವುದು – 3
7. ಟೇಪ್ ಎಳೆಯುವುದು, ಚರ್ರ್ – 5
8. ಪೆಟ್ಟಿಗೆಯನ್ನು ಚೌಕಟ್ಟಿನಿಂದ ಹೊರಗೆ ತಳ್ಳುವುದು – 4

ನೋಡುವವರಿಗೆ ಹಿತವೆನಿಸುವುದು ಎರಡನೇ ಮತ್ತು ಏಳನೇ ಶಾಟ್‌ಗಳ ಸಂಬಂಧದಿಂದ. ಸೆಕೆಂಡಿಗೊಂದು ಕಟ್ಟು ಬೀಳುವಾಗ ಕಣ್ಣು ಆ ಲಯಕ್ಕೆ ಹೊಂದಿಕೊಳ್ಳುತ್ತದೆ. ಕೊನೆಯಲ್ಲಿ ಟೇಪ್ ಒಂದೇ ಎಳೆತದಲ್ಲಿ ಉದ್ದಕ್ಕೆ ಸಾಗಿದಾಗ ಕೆಲಸ ಮುಗಿದ ಸಮಾಧಾನ ಸಿಗುತ್ತದೆ. ಆದ್ದರಿಂದ ಏಳನೇ ಶಾಟನ್ನು ನಡುವೆ ಕತ್ತರಿಸಬಾರದು. ಉಳಿದ ಕಡೆ, ವಸ್ತು ಮೇಜಿಗೆ ತಾಗುವ ಕ್ಷಣದಲ್ಲೇ ಕತ್ತರಿಸಬೇಕು. ತಾಗಿದ ಮೇಲೆ ಕೈ ಸುಮ್ಮನೆ ನಿಂತರೆ ಲಯ ಹೋಗುತ್ತದೆ. ನಿಧಾನದ ಕೆಲಸವನ್ನು ವೇಗ ಹೆಚ್ಚಿಸಿ ತೋರಿಸಿದರೆ ಸದ್ದು ಕೀಚಲಾಗುತ್ತದೆ. ಅದರ ಬದಲು ಕೆಲಸದ ಆರಂಭ ಮತ್ತು ಕೊನೆಯನ್ನು ಮಾತ್ರ ಇಟ್ಟುಕೊಳ್ಳಬೇಕು.

ಮೊಬೈಲನ್ನು ಮೇಲಿನಿಂದ ಕೆಳಮುಖವಾಗಿ, ಅಲುಗದಂತೆ ನಿಲ್ಲಿಸಬೇಕು. ಪೆಟ್ಟಿಗೆ ಇಡುವ ಜಾಗಕ್ಕೆ ಮೇಜಿನ ಮೇಲೆ ಪೆನ್ಸಿಲ್ ಗುರುತು ಹಾಕಿದರೆ ಶಾಟ್ ಬದಲಾದಾಗ ಪೆಟ್ಟಿಗೆ ಹಾರಿದಂತೆ ಕಾಣುವುದಿಲ್ಲ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಬೇಕು. ಇಲ್ಲದಿದ್ದರೆ ಕೈ ಒಳಬಂದಾಗಲೆಲ್ಲ ಚಿತ್ರ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತದೆ.

ನಮ್ಮೂರಿನ ದೊಡ್ಡ ತೊಂದರೆ ಮಳೆ. ಮಳೆಯ ಸದ್ದು ಪ್ರತಿ ಕಟ್‌ನಲ್ಲೂ ತುಂಡಾಗಿ ಕೇಳುತ್ತದೆ. ಫ್ಯಾನಿನದ್ದೂ ಅಷ್ಟೇ, ಆದರೆ ಅದನ್ನು ಆರಿಸಬಹುದು. ಮಳೆಗೆ ಉಪಾಯವಿದೆ: ಒಂದು ನಿಮಿಷ ಬರೀ ಮಳೆಯನ್ನೇ ರೆಕಾರ್ಡ್ ಮಾಡಿ, ಎಲ್ಲ ಶಾಟ್‌ಗಳ ಕೆಳಗೆ ಒಂದೇ ಸಮನೆ ಹಾಸಿದರೆ ತುಂಡುಗಳು ಮುಚ್ಚಿಹೋಗುತ್ತವೆ.

ಪರದೆಯ ಮೇಲೆ ಮೂರೇ ಸಾಲು ಬರಹ ಸಾಕು: ವಸ್ತು, ಸಂಖ್ಯೆ, ಬೆಲೆ. ಎರಡು ಸಲ ಓದುವಷ್ಟು ಹೊತ್ತು ಅದು ನಿಲ್ಲಬೇಕು. ಲೇಬಲ್ ಶಾಟ್‌ನಲ್ಲಿ ತೂಕ, ತಯಾರಿಸಿದ ದಿನ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕಾಣಲಿ. ಗ್ರಾಹಕರ ವಿಳಾಸ, ಫೋನ್ ನಂಬರ್ ಮಾತ್ರ ಕಾಣಬಾರದು. ವಿಳಾಸದ ಚೀಟಿಯನ್ನು ಚಿತ್ರೀಕರಣ ಮುಗಿದ ಮೇಲೆಯೇ ಅಂಟಿಸಿ.

ಕೊನೆಗೆ ಎರಡು ಪರೀಕ್ಷೆ. ಸದ್ದು ನಿಲ್ಲಿಸಿ ಗೆಳೆಯರೊಬ್ಬರಿಗೆ ತೋರಿಸಿ, ಏನು, ಎಷ್ಟು ಕಳಿಸಿದ್ದು ಎಂದು ಕೇಳಿ. ಅವರು ತಪ್ಪು ಹೇಳಿದರೆ ಎರಡನೇ ಶಾಟ್ ಸ್ಪಷ್ಟವಾಗಿಲ್ಲ ಎಂದರ್ಥ. ಆಮೇಲೆ ಕಣ್ಣು ಮುಚ್ಚಿ ನೀವೇ ಕೇಳಿ. ಬೆರಳಿನಿಂದ ತಾಳ ಹಾಕಲು ಎಲ್ಲಿ ತಪ್ಪುತ್ತದೋ ಅಲ್ಲಿ ಕಟ್ ಸರಿಪಡಿಸಬೇಕು.