ದಿನಾ ಫೋನ್ ಮಾಡಿದರೂ ಅಮ್ಮ ಒಂಟಿ

ಪ್ರಶ್ನೆ: ಅಮ್ಮನಿಗೆ 74. ಅಪ್ಪ ತೀರಿಕೊಂಡ ಮೇಲೆ ಶಿವಮೊಗ್ಗದ ಮನೆಯಲ್ಲಿ ಒಬ್ಬರೇ ಇದ್ದಾರೆ. ಬೆಂಗಳೂರಿಗೆ ಕರೆದರೆ ಬರಲೊಲ್ಲರು. ದಿನಾ ರಾತ್ರಿ ಫೋನ್ ಮಾಡುತ್ತೇನೆ, ಎರಡೇ ನಿಮಿಷಕ್ಕೆ ಮಾತು ಮುಗಿಯುತ್ತದೆ. ಹಿಂದೆ ಟಿವಿ ಜೋರಾಗಿ ಕೇಳುತ್ತಿರುತ್ತದೆ. ಬೀದಿಯ ಭಜನಾ ಮಂಡಳಿಗೂ ಹೋಗುವುದು ಬಿಟ್ಟಿದ್ದಾರೆ. ‘ಅವರವರೇ ಮಾತಾಡ್ಕೊಳ್ತಾರೆ, ನಾನ್ಯಾಕೆ ಹೋಗ್ಲಿ’ ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಅಮ್ಮನ ಕಿವಿ ತೋರಿಸಿ. ಜೋರು ಟಿವಿ, ‘ಅವರವರೇ ಮಾತಾಡ್ಕೊಳ್ತಾರೆ’ ಎಂಬ ಮಾತು, ಎರಡನ್ನೂ ಸೇರಿಸಿ ಓದಿದಾಗ ನನಗೆ ಬಂದ ಅನುಮಾನ ಇದು. ವಯಸ್ಸಾದ ಕಿವಿಗೆ ಎದುರು ಕೂತ ಒಬ್ಬರ ಮಾತು ಕೇಳೀತು; ತಾಳ, ಹಾರ್ಮೋನಿಯಂ, ನಾಲ್ಕು ಜನರ ಹರಟೆ ಬೆರೆತರೆ ಏನೂ ತಿಳಿಯುವುದಿಲ್ಲ. ಎಷ್ಟು ಸಲ ‘ಏನಂದ್ರಿ?’ ಅಂತ ಕೇಳಿಯಾರು? ಸ್ವಲ್ಪ ದಿನ ಸುಮ್ಮನೆ ನಗುತ್ತಾರೆ, ಆಮೇಲೆ ಹೋಗುವುದನ್ನೇ ಬಿಡುತ್ತಾರೆ. ಬರೀ ಗುಗ್ಗೆ ಕಟ್ಟಿದ್ದರೆ ಇಎನ್‌ಟಿ ವೈದ್ಯರು ತೆಗೆದುಬಿಡುತ್ತಾರೆ. ಇಲ್ಲದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ.

ಇನ್ನು ಫೋನು. ‘ಊಟ ಆಯ್ತಾ? ಮಾತ್ರೆ ತಗೊಂಡ್ಯಾ?’ ಎಂದರೆ ಅದು ಮಾತುಕತೆಯಲ್ಲ, ಹಾಜರಿ. 2020ರಲ್ಲಿ, ಕೋವಿಡ್ ಕಾಲದಲ್ಲಿ, ಅಮೆರಿಕದ ಟೆಕ್ಸಸ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಸಂಸ್ಥೆಯೊಂದು ಮನೆಗೇ ಊಟ ತಲುಪಿಸುತ್ತಿದ್ದ 240 ಜನರು ಅದರಲ್ಲಿದ್ದರು, ಹೆಚ್ಚಿನವರು ವಯಸ್ಸಾದವರು. ಅವರಲ್ಲಿ ಅರ್ಧದಷ್ಟು ಜನರಿಗೆ 17ರಿಂದ 23 ವರ್ಷದ ಹುಡುಗ ಹುಡುಗಿಯರು ಫೋನ್ ಮಾಡುತ್ತಿದ್ದರು. ಇವರು ಆಪ್ತಸಮಾಲೋಚಕರಲ್ಲ, ಅಲ್ಪ ತರಬೇತಿ ಪಡೆದವರು. ಮೊದಲ ಐದು ದಿನ ದಿನವೂ ಕರೆ. ಆಮೇಲೆ ವಾರಕ್ಕೆ ಎಷ್ಟು ಸಲ ಎಂಬುದು ಆ ಹಿರಿಯರ ಇಷ್ಟ. ಏನು ಮಾತಾಡಬೇಕೆಂಬುದೂ ಅವರದೇ ಇಷ್ಟ. ನಾಲ್ಕು ವಾರಗಳಲ್ಲಿ, ಕರೆ ಬಾರದವರಿಗಿಂತ ಇವರ ಒಂಟಿತನ, ಖಿನ್ನತೆ, ಆತಂಕ ಕಡಿಮೆಯಾಗಿದ್ದವು. ಅದಕ್ಕಿಂತ ಮುಂದಕ್ಕೆ ಅಳೆದಿಲ್ಲ ಎಂಬುದನ್ನೂ ಹೇಳಬೇಕು.

ನೀವೂ ವಿಚಾರಣೆ ಬಿಟ್ಟು ಅಮ್ಮನಿಗೆ ಗೊತ್ತಿರುವುದನ್ನು ಕೇಳಿ. ಕಳಲೆಯನ್ನು ಎಷ್ಟು ದಿನ ನೀರಲ್ಲಿ ನೆನೆಸಬೇಕು, ನೀರು ಯಾವಾಗ ಬದಲಿಸಬೇಕು ಎಂದು ಕೇಳಿ ನೋಡಿ. ಎರಡು ನಿಮಿಷಕ್ಕೆ ಮುಗಿಯಲಾರದು.

ಮಂಡಳಿಗೆ ‘ಹೋಗಿ ಬಾರಮ್ಮ’ ಎಂದರೆ ಸಾಲದು. ‘ನನ್ನನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ’ ಎಂಬ ಭಾವ ಒಮ್ಮೆ ಕೂತುಬಿಟ್ಟರೆ ಸುತ್ತ ಎಷ್ಟು ಜನರಿದ್ದರೂ ಅದು ಹೋಗುವುದಿಲ್ಲ. ಒಂಟಿತನದ ಕಾರ್ಯಕ್ರಮಗಳನ್ನು ಒಟ್ಟಾಗಿ ಪರಿಶೀಲಿಸಿದ 2011ರ ಒಂದು ಅಧ್ಯಯನದಲ್ಲೂ, ಬರೀ ಜನರನ್ನು ಸೇರಿಸುವುದಕ್ಕಿಂತ ಈ ಭಾವವನ್ನು ತಿದ್ದಿದ ಪ್ರಯತ್ನಗಳೇ ಹೆಚ್ಚು ಫಲ ಕೊಟ್ಟಿದ್ದವು. ಆದ್ದರಿಂದ ಮಂಡಳಿಯ ಪರಿಚಿತರೊಬ್ಬರಿಗೆ ನೀವೇ ಫೋನ್ ಮಾಡಿ. ಹೋಗುವಾಗ ಅಮ್ಮನನ್ನು ಬಾಗಿಲಲ್ಲಿ ಕರೆಯಲಿ, ಮುಂದಿನ ಸಾಲಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಲಿ, ಪ್ರಸಾದ ಹಂಚುವುದೋ ಪುಸ್ತಕ ಜೋಡಿಸುವುದೋ ಒಂದು ಕೆಲಸ ಒಪ್ಪಿಸಲಿ. ಕೆಲಸವಿದ್ದವರು ಬಾರದಿದ್ದರೆ ‘ಯಾಕೆ ಬರಲಿಲ್ಲ?’ ಎಂದು ಕೇಳುವವರಿರುತ್ತಾರೆ.

ಊಟ, ನಿದ್ದೆ, ಸ್ನಾನ ಎರಡು ವಾರದಿಂದ ಏರುಪೇರಾಗಿದ್ದರೆ ಅದು ಖಿನ್ನತೆಯಿರಬಹುದು. ಭಜನೆಗೆ ಮೊದಲು ವೈದ್ಯರು. ನೀವು ತಕ್ಷಣ ಹೋಗಲಾಗದಿದ್ದರೆ ಹಿರಿಯರ ಉಚಿತ ಸಹಾಯವಾಣಿ 14567 ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ.