ಫೋಟೋದಲ್ಲಿರುವ ಫಲಕ ಏನು ಹೇಳುತ್ತದೆ?

ಕಳೆದ ತಿಂಗಳು ಗೋಡೆ ಪತ್ರಿಕೆಗೆ ನೂರ್ ಇನಾಯತ್ ಖಾನ್ ಅವರ ಬಗ್ಗೆ ಬರೆಯುವ ಕೆಲಸ ನನಗೆ ಬಂತು. ಟಿಪ್ಪು ಸುಲ್ತಾನರ ವಂಶದ ನೂರ್, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಪ್ಯಾರಿಸ್‌ನಲ್ಲಿ ಗುಪ್ತವಾಗಿ ರೇಡಿಯೋ ಸಂದೇಶ ಕಳುಹಿಸುತ್ತಿದ್ದರು. 1943ರ ಅಕ್ಟೋಬರ್‌ನಲ್ಲಿ ಅಲ್ಲೇ ಸಿಕ್ಕಿಬಿದ್ದರು. ನಮ್ಮ ಕುಟುಂಬದ ವಾಟ್ಸ್ಆಪ್ ಗ್ರೂಪಿಗೆ ಖಾಲಾ ಮೂರು ಫೋಟೋ ಹಾಕಿದ್ದರು. "ನೂರ್ ಸಿಕ್ಕಿಬಿದ್ದ ಪ್ಯಾರಿಸ್ ಮನೆ" ಎಂದು ಕೆಳಗೆ ಬರೆದಿತ್ತು. ನಾನು ಹಾಗೆಯೇ ಪ್ರಿಂಟ್ ತೆಗೆದು ಅಂಟಿಸಿದೆ. ಇತಿಹಾಸದ ಮೇಡಂ ನೋಡಿ, "ಪ್ಯಾರಿಸ್ ಅಂತ ಯಾರು ಹೇಳಿದ್ದು?" ಎಂದು ಕೇಳಿದರು. ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಎಂದು ದಿನವೂ ಕೇಳುವ ನನಗೆ ಉತ್ತರ ಹೊಳೆಯಲಿಲ್ಲ.

ಮನೆಗೆ ಹೋಗಿ ಮೊದಲ ಫೋಟೋವನ್ನು ದೊಡ್ಡದು ಮಾಡಿದೆ. ವಾಟ್ಸ್ಆಪ್‌ನಲ್ಲಿ ಬಂದ ಚಿತ್ರ ಕುಗ್ಗಿರುತ್ತದೆ, ಅಕ್ಷರ ಒಡೆದು ಕಾಣುತ್ತದೆ. ಅದಕ್ಕೆ ಖಾಲಾಗೆ ಹೇಳಿ ಅದನ್ನೇ ಡಾಕ್ಯುಮೆಂಟ್ ಆಗಿ ತರಿಸಿಕೊಂಡೆ. ಗೋಡೆಯ ಮೇಲೆ ದುಂಡಗಿನ ನೀಲಿ ಫಲಕ. ಅಂಚಿನಲ್ಲಿ 'ಇಂಗ್ಲಿಷ್ ಹೆರಿಟೇಜ್' ಎಂದಿದೆ, ನಡುವೆ ನೂರ್ ಹೆಸರು, ಕೆಳಗೆ 'ಇಲ್ಲಿ ತಂಗಿದ್ದರು' ಎಂಬ ಅರ್ಥದ ಇಂಗ್ಲಿಷ್ ಮಾತು. ಈ ಸಂಸ್ಥೆ ಇಂಥ ನೀಲಿ ಫಲಕ ಹಾಕುವುದು ಲಂಡನ್‌ನಲ್ಲಿ. ಪ್ಯಾರಿಸ್ ಅಲ್ಲಿಗೇ ಮುಗಿಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಫಲಕದಲ್ಲಿ ಹೆಸರು ಸಿಕ್ಕಿತು ಎಂದರೆ ಜಾಗ ಸಿಕ್ಕಿತು ಎಂದಲ್ಲ. ನೂರ್ ಹೆಸರಿನ ಸ್ಮಾರಕ ಲಂಡನ್‌ನ ಗಾರ್ಡನ್ ಸ್ಕ್ವೇರ್ ತೋಟದಲ್ಲಿದೆ, ಪ್ಯಾರಿಸ್ ಪಕ್ಕದ ಸುರೆನ್‌ನಲ್ಲಿದೆ, ಅವರನ್ನು ಕೊಂದ ಜರ್ಮನಿಯ ದಾಖೌನಲ್ಲೂ ಇದೆ. ನಾನು ಬರೀ ಹೆಸರು ಹುಡುಕಿದಾಗ ಮೊದಲು ಬಂದದ್ದು ತೋಟದ ಎದೆಮಟ್ಟದ ಪ್ರತಿಮೆ. ಹಾಗಾಗಿ ಹೆಸರಿನ ಜೊತೆಗೆ ಮೂರು ಸಂಗತಿ ನೋಡಬೇಕು: ಯಾವ ಭಾಷೆ, ಯಾರು ಹಾಕಿದ್ದು, ಮತ್ತು ಕ್ರಿಯಾಪದ ಯಾವುದು. 'ಹುಟ್ಟಿದರು', 'ತಂಗಿದ್ದರು' ಎಂದಿದ್ದರೆ ಅದು ಆ ಕಟ್ಟಡದ ಮಾತು. 'ನೆನಪಿಗಾಗಿ' ಎಂದು ಮಾತ್ರ ಇದ್ದರೆ ಆ ಫಲಕ ಎಲ್ಲಿ ಬೇಕಾದರೂ ಇರಬಹುದು.

ನೀಲಿ ಫಲಕದಲ್ಲಿ ವಿಳಾಸ ಬರೆದಿರುವುದಿಲ್ಲ. ಅದನ್ನು ಹಾಕಿದ ಸಂಸ್ಥೆಯ ಪಟ್ಟಿಯಲ್ಲಿ ಹುಡುಕಬೇಕು. ಅಲ್ಲಿ ಸಿಕ್ಕಿದ್ದು ಬ್ಲೂಮ್ಸ್‌ಬರಿಯ 4, ಟ್ಯಾವಿಟನ್ ಸ್ಟ್ರೀಟ್. ಫಲಕ ಹಾಕಿದ್ದು 2020ರ ಆಗಸ್ಟ್‌ನಲ್ಲಿ. ಅಂದರೆ ಫೋಟೋ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಜಾಗದ ಜೊತೆ ಕಾಲವೂ ಸಿಕ್ಕಿತು. ನಂತರ ಸ್ಟ್ರೀಟ್ ವ್ಯೂನಲ್ಲಿ ಮನೆಯನ್ನು ಹೋಲಿಸುವಾಗ ಚಿತ್ರ ತೆಗೆದ ವರ್ಷ ನೋಡಿಕೊಳ್ಳಿ. 2020ಕ್ಕಿಂತ ಹಳೆಯ ಚಿತ್ರದಲ್ಲಿ ಫಲಕ ಕಾಣದು, ಅದರಿಂದ "ಇದಲ್ಲ" ಎಂದುಕೊಳ್ಳಬಾರದು. ಬಾಗಿಲು, ಕಿಟಕಿ, ಕಬ್ಬಿಣದ ಬೇಲಿ ಹೊಂದುತ್ತವೆಯೇ ಎಂದು ನೋಡಬೇಕು.

ಎರಡನೇ ಫೋಟೋ ಬಸ್ ಸ್ಟಾಪಿನದು. ಮಾಮೂ ಮಗ ಅದನ್ನು ನೋಡಿ, "ಟ್ರಫಾಲ್ಗರ್ ಸ್ಕ್ವೇರ್ ಅಂತ ಬರೆದಿದೆಯಲ್ಲ, ಅಲ್ಲೇ" ಎಂದ. ಆದರೆ ಅದು 91ನೇ ನಂಬರ್ ಬಸ್ಸು ಹೋಗಿ ಮುಟ್ಟುವ ಕೊನೆಯ ಜಾಗ. ಮೆಜೆಸ್ಟಿಕ್ ಎಂದು ಬೋರ್ಡ್ ಇರುವ ಬಸ್ಸು ನಿಂತ ಕಡೆಯೆಲ್ಲ ಮೆಜೆಸ್ಟಿಕ್ ಆಗುತ್ತದೆಯೇ? ಸ್ಟಾಪಿನ ಹೆಸರನ್ನು ಬೇರೆಯಾಗಿ ಓದಬೇಕು. ಅಲ್ಲಿ ಯೂಸ್ಟನ್ ಎಂದಿತ್ತು. ಲಂಡನ್‌ನಲ್ಲಿ ರಸ್ತೆಯ ಎರಡೂ ಬದಿಯ ಸ್ಟಾಪಿಗೆ ಒಂದೇ ಹೆಸರಿರಬಹುದು. ಆಗ ಕಂಬದ ಮೇಲಿನ ಇಂಗ್ಲಿಷ್ ಅಕ್ಷರದಿಂದ ಇದು ಯಾವ ಬದಿ ಎಂದು ತಿಳಿಯಬಹುದು.

ಮೂರನೆಯದು ನನ್ನನ್ನು ತುಂಬಾ ಹೊತ್ತು ಸತಾಯಿಸಿತು. ಮೇಲೆ ಹಳದಿ ಪಟ್ಟಿಯಿರುವ, ನಡೆದು ಹೋಗುವವರಿಗಾಗಿ ನಿಲ್ಲಿಸಿದ ನಕ್ಷೆ ಫಲಕ. ಅದರಲ್ಲಿ ಗಾರ್ಡನ್ ಸ್ಕ್ವೇರ್ ಮೇಲೆ, ಯೂಸ್ಟನ್ ರಸ್ತೆ ಕೆಳಗೆ. ಫೋನಿನ ನಕ್ಷೆಯಲ್ಲಿ ಇದಕ್ಕೆ ತಿರುವುಮುರುವು. ಫೋಟೋ ತಲೆಕೆಳಗಾಗಿದೆಯೇ ಎಂದರೆ ಅಕ್ಷರ ನೆಟ್ಟಗೇ ಇವೆ! ಕೊನೆಗೆ ತಿಳಿಯಿತು: ಈ ಫಲಕಗಳಲ್ಲಿ ಉತ್ತರ ದಿಕ್ಕನ್ನು ಮೇಲೆ ಇಡುವುದಿಲ್ಲ, ಓದುವವನ ಮುಂದಿರುವುದನ್ನು ಮೇಲೆ ಇಡುತ್ತಾರೆ. ಅಂದರೆ ಫೋಟೋ ತೆಗೆದವರು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದರು. 'ನೀವು ಇಲ್ಲಿದ್ದೀರಿ' ಎಂಬ ಗುರುತು ನಿಂತ ಜಾಗವನ್ನೂ ಹೇಳಿತು. ಅಲ್ಲಿಂದ ಟ್ಯಾವಿಟನ್ ಸ್ಟ್ರೀಟಿಗೆ ನಡೆದು ಹೋಗುವಷ್ಟೇ ದೂರ. ಮೂರು ಫೋಟೋ ಒಂದೇ ಓಡಾಟದಲ್ಲಿ ತೆಗೆದಿರಬಹುದು, ಆದರೆ ಅದಕ್ಕೆ ನನ್ನ ಬಳಿ ವೋಚರ್ ಇಲ್ಲ.

ಗೋಡೆ ಪತ್ರಿಕೆಯಲ್ಲಿ ಪ್ಯಾರಿಸ್ ಎಂಬಲ್ಲಿ ಬಿಳಿ ಕಾಗದ ಅಂಟಿಸಿ 'ಲಂಡನ್, ಟ್ಯಾವಿಟನ್ ಸ್ಟ್ರೀಟ್' ಎಂದು ಬರೆದೆ. ಖಾಲಾಗೂ ತಿಳಿಸಿದೆ. "ಅಚ್ಛಾ, ನನಗೂ ಯಾರೋ ಕಳಿಸಿದ್ದು" ಎಂದರು.